ಮಹಾಪ್ರಬಂಧ ಸಿದ್ಧ, ಲೇಖನ ಮಾತ್ರ ಇನ್ನೂ ಪರಿಶೀಲನೆಯಲ್ಲಿ: ಪಿಎಚ್.ಡಿ. ನಿಯಮ ಏನು ಹೇಳುತ್ತದೆ?

ನಮ್ಮ ಕರಾವಳಿಯ ಶಿಕ್ಷಣ ಸಂಸ್ಥೆಗಳಲ್ಲಿ ಕಲಿಸುತ್ತಲೇ ಪಿಎಚ್.ಡಿ. ಮಾಡುತ್ತಿರುವ ಗುರುಗಳು, ಧರ್ಮಭಗಿನಿಯರು ಹಾಗೂ ಉಪನ್ಯಾಸಕರ ಸಂಖ್ಯೆ ಕಡಿಮೆಯೇನಲ್ಲ. ಇವರಲ್ಲಿ ಅನೇಕರ ಸಂಕಟ ಒಂದೇ ಬಗೆಯದು. ಐದಾರು ವರ್ಷ ದುಡಿದು ಬರೆದ ಮಹಾಪ್ರಬಂಧ ಬೈಂಡ್ ಆಗಲು ಸಿದ್ಧವಿದೆ. ಆದರೆ ಸಲ್ಲಿಸಬೇಕಾದರೆ ಒಂದು ಸಂಶೋಧನಾ ಲೇಖನ ಪ್ರಕಟವಾಗಿರಬೇಕು ಎಂದು ವಿಶ್ವವಿದ್ಯಾನಿಲಯ ಹೇಳುತ್ತದೆ. ಜರ್ನಲಿಗೆ ಕಳುಹಿಸಿದ ಲೇಖನವೋ ತಿಂಗಳುಗಳಿಂದ ಪರಿಶೀಲನೆಯಲ್ಲೇ ಕುಳಿತಿದೆ. ಅತ್ತ ನೋಂದಣಿಯ ಅವಧಿ ಮುಗಿಯುತ್ತಾ ಬಂದಿದೆ.

ಇದರ ಜೊತೆಗೆ ಕಳೆದ ಕೆಲವು ವರ್ಷಗಳಲ್ಲಿ ಎರಡು ದೊಡ್ಡ ಬದಲಾವಣೆಗಳಾಗಿವೆ. 2022ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಲೇಖನ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿತು. 2025ರ ಫೆಬ್ರವರಿಯಲ್ಲಿ ತನ್ನ ಜರ್ನಲ್ ಪಟ್ಟಿಯನ್ನೇ ನಿಲ್ಲಿಸಿತು. ಸುದ್ದಿ ಓದಿದ ಹಲವರು "ಇನ್ನು ಲೇಖನವೇ ಬೇಡವಂತೆ" ಎಂದು ಭಾವಿಸಿದರು. ನಿಜಸ್ಥಿತಿ ಅಷ್ಟು ಸರಳವಾಗಿಲ್ಲ. ಹಾಗಾಗಿ ನಿಯಮವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು ಎಂದು ನಾವು ಭಾವಿಸುತ್ತೇವೆ.

ಯಾರಿಗೆ ಯಾವ ನಿಯಮ?

ಯುಜಿಸಿ 2009ರ ನಿಯಮಾವಳಿಯಲ್ಲಿ, ಮಹಾಪ್ರಬಂಧ ಸಲ್ಲಿಸುವ ಮುನ್ನ ಕನಿಷ್ಠ ಒಂದು ಲೇಖನ ಪರಿಶೀಲಿತ ಜರ್ನಲಿನಲ್ಲಿ ಪ್ರಕಟವಾಗಿರಬೇಕು ಎಂಬ ನಿಯಮ ತಂದಿತು. 2016ರ ನಿಯಮಾವಳಿ ಇದನ್ನು ಉಳಿಸಿಕೊಂಡು, ಸಮ್ಮೇಳನ ಅಥವಾ ವಿಚಾರ ಸಂಕಿರಣಗಳಲ್ಲಿ ಎರಡು ಪ್ರಬಂಧ ಮಂಡಿಸಿರಬೇಕು ಎಂಬುದನ್ನೂ ಸೇರಿಸಿತು. ಇವಕ್ಕೆ ಪ್ರಮಾಣಪತ್ರ ಅಥವಾ ಅಚ್ಚಾದ ಪ್ರತಿಯ ಪುರಾವೆ ಕೊಡಬೇಕಿತ್ತು.

2022ರ ನವೆಂಬರ್ 7ರಂದು ಪ್ರಕಟವಾದ ಹೊಸ ನಿಯಮಾವಳಿಯಲ್ಲಿ ಈ ಷರತ್ತು ಇಲ್ಲ. ಆದರೆ ಅದೇ ನಿಯಮಾವಳಿಯಲ್ಲಿ ಇನ್ನೊಂದು ಕಲಮು ಇದೆ. 2009ರ ಜುಲೈ 11ರಿಂದ ಹೊಸ ನಿಯಮ ಬಂದ ದಿನದ ತನಕ ನೋಂದಾಯಿಸಿಕೊಂಡವರಿಗೆ ಅವರವರ ಕಾಲದ ನಿಯಮವೇ, ಎಂದರೆ 2009ರದೋ 2016ರದೋ, ಅನ್ವಯಿಸುತ್ತದೆ. 2021ರಲ್ಲಿ ಸೇರಿದವರು 2022ರ ನಿಯಮ ತೋರಿಸಿ "ನನಗೆ ಲೇಖನ ಬೇಡ" ಎನ್ನಲು ಬರುವುದಿಲ್ಲ.

ಇನ್ನು 2022ರ ನವೆಂಬರ್ ನಂತರ ಸೇರಿದವರ ವಿಷಯ. ಯುಜಿಸಿ ನಿಗದಿಪಡಿಸುವುದು ಕನಿಷ್ಠ ಮಟ್ಟವನ್ನು. ಅದಕ್ಕಿಂತ ಹೆಚ್ಚಿನದನ್ನು ಕೇಳಲು ವಿಶ್ವವಿದ್ಯಾನಿಲಯಗಳಿಗೆ ಅವಕಾಶವಿದೆ. ಅನೇಕ ವಿಶ್ವವಿದ್ಯಾನಿಲಯಗಳು ತಮ್ಮ ಪಿಎಚ್.ಡಿ. ನಿಯಮಗಳಲ್ಲಿ ಪ್ರಕಟಣೆಯ ಷರತ್ತನ್ನು ಉಳಿಸಿಕೊಂಡಿವೆ. ಕೆಲವು ಕಡೆ ಒಂದು ಲೇಖನ ಸಾಕು, ಕೆಲವು ಕಡೆ ಎರಡು ಬೇಕು. ಕೆಲವರು ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನಲ್ಲಿರುವ ಜರ್ನಲೇ ಆಗಬೇಕೆನ್ನುತ್ತಾರೆ. ಆದ್ದರಿಂದ ಮೊದಲು ಹುಡುಕಬೇಕಾದ ಕಾಗದ ಯುಜಿಸಿಯದ್ದಲ್ಲ. ತಾವು ನೋಂದಾಯಿಸಿಕೊಂಡ ವರ್ಷದಲ್ಲಿ ಜಾರಿಯಲ್ಲಿದ್ದ ತಮ್ಮ ವಿಶ್ವವಿದ್ಯಾನಿಲಯದ ಪಿಎಚ್.ಡಿ. ನಿಯಮಾವಳಿ ಹಾಗೂ ಆನಂತರದ ಸುತ್ತೋಲೆಗಳು.

ಆ ಕಾಗದದಲ್ಲಿ ಒಂದು ಪದವನ್ನು ವಿಶೇಷವಾಗಿ ಗಮನಿಸಬೇಕು. ಲೇಖನ "ಪ್ರಕಟವಾಗಿರಬೇಕು" ಎಂದಿದೆಯೇ, ಅಥವಾ "ಪ್ರಕಟವಾಗಿರಬೇಕು ಇಲ್ಲವೇ ಪ್ರಕಟಣೆಗೆ ಸ್ವೀಕೃತವಾಗಿರಬೇಕು" ಎಂದಿದೆಯೇ? ಎರಡನೆಯ ರೀತಿ ಇದ್ದರೆ ಸಂಪಾದಕರ ಸ್ವೀಕೃತಿ ಪತ್ರವೊಂದೇ ಸಾಕಾಗಬಹುದು. ಅದರಿಂದ ಹಲವು ತಿಂಗಳು ಉಳಿಯುತ್ತದೆ. ಇಷ್ಟೇ ಮುಖ್ಯವಾದ ಇನ್ನೊಂದು ವಿಷಯವೆಂದರೆ ಪುರಾವೆಯನ್ನು ಯಾವ ಹಂತದಲ್ಲಿ ಕೊಡಬೇಕು ಎಂಬುದು. ಸಾರಲೇಖ, ಅಂದರೆ ಸಿನಾಪ್ಸಿಸ್ ಕೊಡುವಾಗಲೇ ಬೇಕೇ, ಇಲ್ಲವೇ ಮಹಾಪ್ರಬಂಧ ಕೊಡುವಾಗ ಸಾಕೇ? ಇವೆರಡರ ನಡುವೆ ಸಾಮಾನ್ಯವಾಗಿ ಕೆಲವು ತಿಂಗಳ ಅಂತರವಿರುತ್ತದೆ.

ಜರ್ನಲ್ ಪಟ್ಟಿಯ ಕಥೆ

"ಪರಿಶೀಲಿತ ಜರ್ನಲ್" ಎಂದರೆ ಯಾವುದು ಎಂಬ ಪ್ರಶ್ನೆಗೆ ಉತ್ತರವಾಗಿ ಯುಜಿಸಿ 2017ರಲ್ಲಿ ಅನುಮೋದಿತ ಜರ್ನಲುಗಳ ಪಟ್ಟಿ ಹೊರಡಿಸಿತು. ವಿಶ್ವವಿದ್ಯಾನಿಲಯಗಳು ಸೂಚಿಸಿದ ಹೆಸರುಗಳನ್ನೂ ಅದರಲ್ಲಿ ಸೇರಿಸಲಾಗಿತ್ತು. ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಜರ್ನಲುಗಳು ಒಳಗೆ ನುಸುಳಿದ್ದು ಅಲ್ಲಿಂದಲೇ. 2018ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೀಗೆ ಸೇರಿದ, ಬೇರೆ ಯಾವುದೇ ಸೂಚಿಯಲ್ಲಿ ಇಲ್ಲದ ಜರ್ನಲುಗಳಲ್ಲಿ ಶೇ. 88ಕ್ಕೂ ಹೆಚ್ಚು ಕಳಪೆ ಗುಣಮಟ್ಟದವಾಗಿರಬಹುದು. 2018ರ ಮೇ 2ರಂದು ಯುಜಿಸಿ ಒಂದೇ ಬಾರಿಗೆ 4,305 ಜರ್ನಲುಗಳನ್ನು ಪಟ್ಟಿಯಿಂದ ಕಿತ್ತುಹಾಕಿತು.

ಅದರ ಬದಲಿಗೆ 2019ರ ಜೂನ್‌ನಲ್ಲಿ ಬಂದದ್ದು ಯುಜಿಸಿ-ಕೇರ್ ಪಟ್ಟಿ. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾನಿಲಯದ ಕೇಂದ್ರದಲ್ಲಿ ಪರೀಕ್ಷಿಸಿ ಸೇರಿಸಿದ ಜರ್ನಲುಗಳು ಇದರ ಮೊದಲ ಗುಂಪು. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಸೂಚಿಗಳಲ್ಲಿ ಇರುವವು ಎರಡನೆಯ ಗುಂಪು. ಈ ಪಟ್ಟಿಯನ್ನೂ ಯುಜಿಸಿ 2025ರ ಫೆಬ್ರವರಿ 11ರ ಪ್ರಕಟಣೆಯಲ್ಲಿ ನಿಲ್ಲಿಸಿತು. ಇನ್ನು ಮುಂದೆ ಆಯಾ ವಿದ್ಯಾಸಂಸ್ಥೆಗಳೇ ಜರ್ನಲಿನ ಗುಣಮಟ್ಟ ನಿರ್ಣಯಿಸಬೇಕು ಎಂದು ಹೇಳಿ, ಅದಕ್ಕೆ ಮಾರ್ಗಸೂಚಿಯಾಗಿ ಕೆಲವು ಮಾನದಂಡಗಳನ್ನು ಕೊಟ್ಟಿತು.

ಇದರ ಪರಿಣಾಮ ವಿಜ್ಞಾನ ವಿಭಾಗದವರಿಗೆ ಅಷ್ಟಾಗಿ ತಟ್ಟದು, ಸ್ಕೋಪಸ್ ಅವರಿಗೆ ಮೊದಲೇ ಪರಿಚಿತ. ಕನ್ನಡ, ಕೊಂಕಣಿ, ಸ್ಥಳೀಯ ಇತಿಹಾಸ ಮುಂತಾದ ವಿಷಯಗಳಲ್ಲಿ ಸಂಶೋಧನೆ ಮಾಡುವವರ ಸ್ಥಿತಿ ಬೇರೆ. ಭಾರತೀಯ ಭಾಷೆಗಳ ಜರ್ನಲುಗಳಿಗೆ ಕೇರ್ ಪಟ್ಟಿಯ ಮೊದಲ ಗುಂಪೇ ಆಶ್ರಯವಾಗಿತ್ತು. ಸ್ಕೋಪಸ್‌ನಲ್ಲಿ ಆ ಭಾಷೆಗಳ ಜರ್ನಲುಗಳು ತೀರಾ ವಿರಳ. ಇಂಥವರು ತಮ್ಮ ವಿಶ್ವವಿದ್ಯಾನಿಲಯ ಕೇರ್ ಪಟ್ಟಿಗೆ ಬದಲಾಗಿ ಯಾವುದನ್ನು ಒಪ್ಪುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಂಡ ಮೇಲೆಯೇ ಲೇಖನ ಕಳುಹಿಸಬೇಕು. "ನಮ್ಮ ವಿಭಾಗದಲ್ಲಿ ಇದು ನಡೆಯುತ್ತದೆ" ಎಂಬ ಬಾಯಿಮಾತು ಕಚೇರಿಯ ಕಿಟಕಿಯ ಮುಂದೆ ನಿಲ್ಲುವುದಿಲ್ಲ.

ಜರ್ನಲ್ ಸೂಚಿಯಲ್ಲಿ ಇದೆಯೇ ಎಂದು ತಿಳಿಯುವುದು ಹೇಗೆ?

ಜರ್ನಲಿನ ಸ್ವಂತ ಜಾಲತಾಣದಲ್ಲಿ "ಸ್ಕೋಪಸ್ ಇಂಡೆಕ್ಸ್ಡ್" ಎಂದು ಬರೆದಿದ್ದರೆ ಅದು ಪುರಾವೆಯಲ್ಲ. ಅದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಪ್ರತಿ ಜರ್ನಲಿಗೂ ಎಂಟು ಅಂಕಿಗಳ ಐಎಸ್ಎಸ್ಎನ್ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು scopus.com/sources ಪುಟದಲ್ಲಿ ಹಾಕಿ ನೋಡಬೇಕು. ವೆಬ್ ಆಫ್ ಸೈನ್ಸ್ ಆದರೆ mjl.clarivate.com ನಲ್ಲಿ ನೋಡಬೇಕು. ಹೆಸರಿನಿಂದ ಹುಡುಕುವುದಕ್ಕಿಂತ ಸಂಖ್ಯೆಯಿಂದ ಹುಡುಕುವುದು ಲೇಸು, ಏಕೆಂದರೆ ಒಂದೇ ತರಹದ ಹೆಸರಿನ ಜರ್ನಲುಗಳು ಹಲವಾರು ಇವೆ.

ಸ್ಕೋಪಸ್ ಪುಟದಲ್ಲಿ ಜರ್ನಲಿನ ಹೆಸರು ಸಿಕ್ಕಿದರೆ ಅಲ್ಲಿಗೇ ನಿಲ್ಲಬಾರದು. ಯಾವ ವರ್ಷದಿಂದ ಯಾವ ವರ್ಷದ ತನಕ ಅದು ಸೂಚಿಯಲ್ಲಿದೆ ಎಂಬುದೂ ಅಲ್ಲಿರುತ್ತದೆ. ಹೆಸರು ಇದ್ದೂ, ಅದರ ಜೊತೆಗೆ coverage discontinued in Scopus ಎಂಬ ಮಾತಿದ್ದರೆ ಆ ಜರ್ನಲ್ ಈಗ ಸೂಚಿಯಿಂದ ಹೊರಗಿದೆ ಎಂದರ್ಥ. ಹಳೆಯ ಲೇಖನಗಳು ಅಲ್ಲಿ ಕಾಣಿಸುತ್ತವೆ, ಹೊಸತು ಸೇರುವುದಿಲ್ಲ. ಲೇಖನ ಕಳುಹಿಸಿದಾಗ ಒಳಗಿದ್ದ ಜರ್ನಲ್, ಲೇಖನ ಅಚ್ಚಾಗುವ ಹೊತ್ತಿಗೆ ಹೊರಗೆ ಬಿದ್ದ ಉದಾಹರಣೆಗಳೂ ಇವೆ. ಹಾಗಾಗಿ ಕಳುಹಿಸುವ ದಿನ, ಸ್ವೀಕೃತಿ ಬಂದ ದಿನ, ಪ್ರಕಟವಾದ ದಿನ ಹೀಗೆ ಮೂರು ಸಲ ನೋಡಿ, ಪ್ರತಿ ಸಲವೂ ದಿನಾಂಕ ಕಾಣುವಂತೆ ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಬೇಕು.

ಇನ್ನೊಂದು ಮೋಸ ನಕಲಿ ಜಾಲತಾಣದ್ದು. ಮಾನ್ಯತೆ ಇರುವ ಜರ್ನಲಿನ ಹೆಸರು ಮತ್ತು ಐಎಸ್ಎಸ್ಎನ್ ಸಂಖ್ಯೆಯನ್ನೇ ಬಳಸಿ ಬೇರೊಬ್ಬರು ತಾಣ ಕಟ್ಟಿ ಹಣ ಪಡೆಯುತ್ತಾರೆ. ಅಚ್ಚಿನಲ್ಲಿ ಮಾತ್ರ ಬರುವ, ತನ್ನದೇ ಜಾಲತಾಣವಿಲ್ಲದ ಜರ್ನಲುಗಳು ಇದಕ್ಕೆ ಸುಲಭದ ತುತ್ತು. ಪತ್ತೆ ಹಚ್ಚುವ ದಾರಿ ಇದು: ಜಾಲತಾಣದ ವಿಳಾಸವನ್ನು ಗೂಗಲ್‌ನಲ್ಲಿ ಹುಡುಕಿ ತೆಗೆಯದೆ, ಸ್ಕೋಪಸ್ ಅಥವಾ portal.issn.org ದಾಖಲೆಯಲ್ಲಿರುವ ಪ್ರಕಾಶಕರ ಹೆಸರನ್ನು ಹಿಡಿದು ಹೋಗಬೇಕು. ಬಳಿಕ ಆ ತಾಣದ ಇತ್ತೀಚಿನ ಸಂಚಿಕೆಯ ನಾಲ್ಕೈದು ಲೇಖನಗಳು ಸ್ಕೋಪಸ್‌ನಲ್ಲಿಯೂ ಅದೇ ಶೀರ್ಷಿಕೆಯಲ್ಲಿ ಇವೆಯೇ ಎಂದು ತಾಳೆ ನೋಡಬೇಕು. ಇದಕ್ಕೆ ಕಾಲೇಜಿನ ಗ್ರಂಥಪಾಲಕರ ನೆರವು ಪಡೆಯಬಹುದು. ತಾಳೆಯಾಗದಿದ್ದರೆ ದೂರವಿರುವುದು ಕ್ಷೇಮ.

ಒಂದು ಉದಾಹರಣೆ

ಒಬ್ಬ ಉಪನ್ಯಾಸಕಿ 2020ರ ಆಗಸ್ಟ್‌ನಲ್ಲಿ ಸಮಾಜಕಾರ್ಯ ವಿಷಯದಲ್ಲಿ ನೋಂದಾಯಿಸಿಕೊಂಡರು ಎಂದು ಭಾವಿಸೋಣ. ಅವರಿಗೆ 2016ರ ನಿಯಮ ಅನ್ವಯ. ಆರು ವರ್ಷದ ಗರಿಷ್ಠ ಅವಧಿ 2026ರ ಆಗಸ್ಟ್‌ಗೆ ಮುಗಿಯುತ್ತದೆ. 2025ರ ನವೆಂಬರ್‌ನಲ್ಲಿ ಸ್ಕೋಪಸ್ ಸೂಚಿಯಲ್ಲಿರುವ ಜರ್ನಲಿಗೆ ಲೇಖನ ಕಳುಹಿಸಿದರು. 2026ರ ಮಾರ್ಚ್‌ನಲ್ಲಿ, ಗಣನೀಯವಾಗಿ ತಿದ್ದಿ ಮರಳಿ ಕಳುಹಿಸಿ ಎಂಬ ಉತ್ತರ ಬಂತು. ಏಪ್ರಿಲ್ ಕೊನೆಗೆ ತಿದ್ದಿ ಕಳುಹಿಸಿದರು. ಜೂನ್ ಆರಂಭದಲ್ಲಿ ಜರ್ನಲಿನ ಪುಟ ಇನ್ನೂ Under Review ಎಂದೇ ತೋರಿಸುತ್ತಿದೆ. ಮಹಾಪ್ರಬಂಧ ಸಿದ್ಧವಾಗಿದೆ. ಅವರು ಏನು ಮಾಡಬೇಕು?

ಮೊದಲನೆಯದಾಗಿ, ಆ ಪುಟ ನಿಜವಾಗಿ ಏನು ಹೇಳುತ್ತಿದೆ ಎಂದು ತಿಳಿಯಬೇಕು. ಹಲವು ಜರ್ನಲುಗಳು ಬಳಸುವ ವ್ಯವಸ್ಥೆಯಲ್ಲಿ With Editor ಎಂದರೆ ಲೇಖನ ಸಂಪಾದಕರ ಮೇಜಿನ ಮೇಲಿದೆ, ಪರಿಶೀಲಕರು ಇನ್ನೂ ಸಿಕ್ಕಿಲ್ಲದಿರಬಹುದು. Under Review ಎಂದರೆ ಪರಿಶೀಲಕರ ಬಳಿ ಇದೆ. Required Reviews Completed ಎಂದರೆ ಬೇಕಾದಷ್ಟು ಅಭಿಪ್ರಾಯಗಳು ಬಂದಿವೆ, ತೀರ್ಮಾನ ಬಾಕಿ. ಇದರ ನಂತರ ಪುನಃ Under Review ಎಂದು ಬಂದರೆ ಗಾಬರಿಯಾಗಬೇಕಿಲ್ಲ, ಸಂಪಾದಕರು ಇನ್ನೊಬ್ಬರ ಅಭಿಪ್ರಾಯ ಕೇಳಿರಬಹುದು.

ಎರಡನೆಯದಾಗಿ, ಸಂಪಾದಕರಿಗೆ ಒಂದು ಸಣ್ಣ ಪತ್ರ. ಅದರಲ್ಲಿ ಲೇಖನದ ಕ್ರಮಸಂಖ್ಯೆ, ಶೀರ್ಷಿಕೆ, ತಿದ್ದಿ ಕಳುಹಿಸಿದ ದಿನಾಂಕ, ಮಹಾಪ್ರಬಂಧ ಸಲ್ಲಿಸಬೇಕಾದ ಕೊನೆಯ ದಿನ ಇಷ್ಟಿರಬೇಕು. ತೀರ್ಮಾನ ಬೇಗ ಕೊಡಿ ಎಂದು ಒತ್ತಾಯಿಸುವ ಬದಲು, ಯಾವ ಹಂತದಲ್ಲಿದೆ, ಅಂದಾಜು ಎಷ್ಟು ಸಮಯ ಬೇಕು ಎಂದು ಕೇಳಬೇಕು. ಜೊತೆಗೆ, ಲೇಖನವು ಇಂಥ ದಿನಾಂಕದಂದು ಎರಡನೇ ಸುತ್ತಿನ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲಿನ ದೃಢೀಕರಣ ಕೇಳಬಹುದು. ಇದು ಪ್ರಕಟಣೆಯ ಷರತ್ತನ್ನು ಪೂರೈಸುವುದಿಲ್ಲ. ಆದರೆ ಅವಧಿ ವಿಸ್ತರಣೆಯ ಅರ್ಜಿಗೆ ಬಲ ಕೊಡುತ್ತದೆ. ಅಭ್ಯರ್ಥಿ ಸುಮ್ಮನೆ ಕುಳಿತಿಲ್ಲ ಎಂಬುದಕ್ಕೆ ಅದೇ ದಾಖಲೆ.

ಮೂರನೆಯದಾಗಿ, ಕಾಯುತ್ತಾ ಉಳಿದ ಕೆಲಸ ನಿಲ್ಲಿಸಬಾರದು. ಸಲ್ಲಿಕೆಗೆ ಮುಂಚಿನ ಮಂಡನೆಯನ್ನು ಸಂಶೋಧನಾ ಸಲಹಾ ಸಮಿತಿಯ ಮುಂದೆ ಮಾಡಬೇಕು. ಕೃತಿಚೌರ್ಯ ಪರೀಕ್ಷೆಯ ವರದಿ, ಎರಡು ಮಂಡನೆಗಳ ಪ್ರಮಾಣಪತ್ರ, ಶುಲ್ಕ ಬಾಕಿಯಿಲ್ಲವೆಂಬ ಪತ್ರ ಇವನ್ನೆಲ್ಲ ಜೋಡಿಸಿಡಬೇಕು. ನಿಯಮದಲ್ಲಿ ಅಡ್ಡಿಯಿಲ್ಲದಿದ್ದರೆ ಸಾರಲೇಖವನ್ನು ಈಗಲೇ ಕೊಡಬೇಕು. ಆಗ ಸ್ವೀಕೃತಿ ಪತ್ರ ಬಂದ ವಾರದಲ್ಲೇ ಮಹಾಪ್ರಬಂಧ ಕೊಡಬಹುದು. ಒಂದು ಎಚ್ಚರಿಕೆ: ಸಾರಲೇಖ ಕೊಟ್ಟ ಮೇಲೆ ಇಂತಿಷ್ಟು ತಿಂಗಳೊಳಗೆ ಮಹಾಪ್ರಬಂಧ ಬರಬೇಕು ಎಂಬ ಗಡುವು ಅನೇಕ ಕಡೆ ಇದೆ. ಆ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ನಾಲ್ಕನೆಯದು ಅತಿ ಮುಖ್ಯ. ಅವಧಿ ವಿಸ್ತರಣೆಯ ಅರ್ಜಿ ಅವಧಿ ಮುಗಿಯುವ ಮೊದಲೇ ಹೋಗಬೇಕು, ಜೂನ್‌ನಲ್ಲಿಯೇ ಹೋದರೆ ಉತ್ತಮ. 2016ರ ನಿಯಮದಲ್ಲಿ ಮಹಿಳೆಯರಿಗೂ, ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೂ ಗರಿಷ್ಠ ಅವಧಿಯಲ್ಲಿ ಎರಡು ವರ್ಷಗಳ ಸಡಿಲಿಕೆಗೆ ಅವಕಾಶವಿದೆ. ನಮ್ಮ ಉದಾಹರಣೆಯ ಉಪನ್ಯಾಸಕಿಗೆ ಇದರಿಂದ 2028ರ ಆಗಸ್ಟ್ ತನಕ ಸಮಯ ಸಿಗಬಹುದು. ಉಳಿದವರಿಗೆ ವಿಶ್ವವಿದ್ಯಾನಿಲಯದ ಸ್ವಂತ ನಿಯಮವೇ ಆಧಾರ. ಈ ಸಡಿಲಿಕೆ ತಾನಾಗಿ ಸಿಗುತ್ತದೆ ಎಂದು ನಂಬಿ ಕುಳಿತುಕೊಳ್ಳಬಾರದು. ಮಾರ್ಗದರ್ಶಕರ ಶಿಫಾರಸಿನೊಂದಿಗೆ ಅರ್ಜಿ ಕೊಟ್ಟು, ಸ್ವೀಕರಿಸಿದ ಮೊಹರು ಇರುವ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು. 2022ರ ನಿಯಮದವರಿಗೆ ಲೆಕ್ಕ ಬೇರೆ: ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು ವರ್ಷ ಸೇರಿ ಒಟ್ಟು ಎಂಟು. ಮಹಿಳೆಯರಿಗೂ ಅಂಗವಿಕಲರಿಗೂ ಅದು ಹತ್ತರ ತನಕ ಹೋಗಬಹುದು.

ಜುಲೈಯಲ್ಲಿ ಸ್ವೀಕೃತಿ ಬಂದರೆ?

ಆಗ ಸಂಪಾದಕರ ಪತ್ರದಲ್ಲಿ ಲೇಖಕರ ಹೆಸರು, ಶೀರ್ಷಿಕೆ, ಸ್ವೀಕೃತಿಯ ದಿನಾಂಕ ಮೂರೂ ಸರಿಯಾಗಿವೆಯೇ ನೋಡಬೇಕು. ಮಹಾಪ್ರಬಂಧದ ನೋಂದಣಿಯಲ್ಲಿರುವ ಹೆಸರಿಗೂ ಲೇಖನದಲ್ಲಿರುವ ಹೆಸರಿಗೂ ವ್ಯತ್ಯಾಸವಿದ್ದರೆ ಕಚೇರಿಯಲ್ಲಿ ತಕರಾರು ಬರಬಹುದು. ಸಭೆಯಲ್ಲಿ ಪಡೆದ ಹೆಸರಿನಲ್ಲಿ ಲೇಖನ ಬರೆದು, ಬ್ಯಾಪ್ಟಿಸ್ಮದ ಹೆಸರಿನಲ್ಲಿ ನೋಂದಾಯಿಸಿಕೊಂಡ ಧರ್ಮಭಗಿನಿಯರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಿಯಮ "ಪ್ರಕಟವಾಗಿರಬೇಕು" ಎಂದಷ್ಟೇ ಇದ್ದರೆ, ಸಂಚಿಕೆ ಸಂಖ್ಯೆ ಸಿಗುವ ಮುನ್ನವೇ ಅಂತರ್ಜಾಲದಲ್ಲಿ ಡಿಒಐ ಸಂಖ್ಯೆಯೊಂದಿಗೆ ಬಂದ ಲೇಖನ ಸಾಕೇ ಎಂದು ಬರಹದಲ್ಲಿ ಕೇಳಬೇಕು. ಅದೇ ರೀತಿ, ಪ್ರಕಟವಾದ ಲೇಖನ ಸ್ಕೋಪಸ್‌ನಲ್ಲಿ ಕಾಣಿಸಿಕೊಳ್ಳಲು ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಷರತ್ತು ಇರುವುದು ಜರ್ನಲ್ ಸೂಚಿಯಲ್ಲಿರಬೇಕು ಎಂದೋ, ಲೇಖನವೇ ಅಲ್ಲಿ ಕಾಣಬೇಕು ಎಂದೋ? ಮೊದಲನೆಯದಾದರೆ, ಮುದ್ರಿಸಿಟ್ಟ ಜರ್ನಲ್ ಪುಟವೇ ಪುರಾವೆ.

ತಿರಸ್ಕೃತವಾದರೆ?

ಆಗಲೂ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಪರಿಶೀಲಕರ ಟಿಪ್ಪಣಿಗಳಿಂದ ಲೇಖನ ಗಟ್ಟಿಯಾಗುತ್ತದೆ. ಅದನ್ನು ತಿದ್ದಿ, ವಿಷಯಕ್ಕೆ ಇನ್ನೂ ಹತ್ತಿರವಾದ ಜರ್ನಲಿಗೆ ಕಳುಹಿಸಬೇಕು. ಹೊಸ ಜರ್ನಲ್ ಆರಿಸುವಾಗ, ಅದರಲ್ಲಿ ಪ್ರಕಟವಾದ ಲೇಖನಗಳ ಮೊದಲ ಪುಟದಲ್ಲಿರುವ "ಬಂದ ದಿನ" ಮತ್ತು "ಸ್ವೀಕರಿಸಿದ ದಿನ" ಗಮನಿಸಿದರೆ ನಿಜವಾಗಿ ಎಷ್ಟು ಸಮಯ ಹಿಡಿಯುತ್ತದೆ ಎಂದು ತಿಳಿಯುತ್ತದೆ. ಜಾಹೀರಾತಿನ ಮಾತಿಗಿಂತ ಇದು ನಂಬಲರ್ಹ.

ಈ ಒತ್ತಡದ ಹೊತ್ತಿನಲ್ಲಿ ಎರಡು ತಪ್ಪು ದಾರಿಗಳು ಎದುರಾಗುತ್ತವೆ. ಒಂದು, ಮೊದಲ ಜರ್ನಲಿನಲ್ಲಿ ಲೇಖನ ಇರುವಾಗಲೇ ಗುಟ್ಟಾಗಿ ಇನ್ನೊಂದಕ್ಕೆ ಕಳುಹಿಸುವುದು. ಕಳುಹಿಸುವಾಗ ಲೇಖನ ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ ಎಂದು ಲೇಖಕರು ಒಪ್ಪಿಕೊಂಡಿರುತ್ತಾರೆ, ಆದ್ದರಿಂದ ಅದು ಸುಳ್ಳು ಹೇಳಿಕೆಯಾಗುತ್ತದೆ. ಎರಡೂ ಕಡೆ ಒಬ್ಬರೇ ಪರಿಶೀಲಕರಿದ್ದರೆ ಅದು ಬಯಲಾಗುವುದೂ ಸುಲಭ. ನಿಜವಾಗಿ ಹಿಂತೆಗೆಯಬೇಕಿದ್ದರೆ ಪತ್ರ ಬರೆದು, ಹಿಂತೆಗೆದ ದೃಢೀಕರಣ ಬಂದ ಮೇಲೆಯೇ ಬೇರೆ ಕಡೆ ಕಳುಹಿಸಬೇಕು. ತಿದ್ದುಪಡಿಯ ಸುತ್ತಿನಲ್ಲಿರುವ ಲೇಖನವನ್ನು ಹಿಂತೆಗೆಯುವುದು ಸಾಮಾನ್ಯವಾಗಿ ನಷ್ಟದ ವ್ಯವಹಾರ. ಸಂಪಾದಕರಿಗೆ ಆಸಕ್ತಿ ಇಲ್ಲದಿದ್ದರೆ ತಿದ್ದಲು ಹೇಳುತ್ತಲೇ ಇರಲಿಲ್ಲ.

ಇನ್ನೊಂದು, "ಏಳು ದಿನದಲ್ಲಿ ಪ್ರಕಟಣೆ ಖಚಿತ" ಎಂದು ವಾಟ್ಸಾಪ್‌ನಲ್ಲಿ ಬರುವ ಸಂದೇಶಗಳು. ಪರಿಶೀಲಕರು ಓದಿ ಅಭಿಪ್ರಾಯ ಬರೆಯುವ ಮೊದಲೇ ಪ್ರಕಟಣೆ ಖಚಿತವೆಂದರೆ ಅಲ್ಲಿ ಪರಿಶೀಲನೆಯೇ ಇಲ್ಲ ಎಂದರ್ಥ. ಕೊಟ್ಟ ಹಣ ಹೋಗುವುದು ಸಣ್ಣ ನಷ್ಟ. ದೊಡ್ಡದು ಬೇರೆ ಇದೆ: ಒಮ್ಮೆ ಅಲ್ಲಿ ಅಚ್ಚಾದ ಲೇಖನವನ್ನು ಒಳ್ಳೆಯ ಜರ್ನಲ್ ಮುಟ್ಟುವುದಿಲ್ಲ. ವಿಶ್ವವಿದ್ಯಾನಿಲಯವೂ ಒಪ್ಪದಿದ್ದರೆ, ಐದು ವರ್ಷದ ಕೆಲಸದ ಮುಖ್ಯ ಅಂಶವನ್ನೇ ಕಳೆದುಕೊಂಡು ಇನ್ನೊಂದು ಲೇಖನ ಮೊದಲಿನಿಂದ ಬರೆಯಬೇಕು.

ಮಹಾಪ್ರಬಂಧದ ಕೊನೆಯ ಪ್ರಕಟಣೆಗಳ ಪಟ್ಟಿಯಲ್ಲಿಯೂ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಪರಿಶೀಲನೆಯಲ್ಲಿರುವುದನ್ನು "ಸ್ವೀಕೃತ" ಎಂದು ಬರೆದರೆ, ಮೌಖಿಕ ಪರೀಕ್ಷೆಯ ದಿನ ಒಬ್ಬ ಪರೀಕ್ಷಕರು ಸ್ವೀಕೃತಿ ಪತ್ರ ಕೇಳಿದರೆ ಸಾಕು, ಇಡೀ ಮಹಾಪ್ರಬಂಧದ ಮೇಲೆ ಸಂಶಯ ಬೀಳುತ್ತದೆ.

ಯುಜಿಸಿ ಪಟ್ಟಿಯನ್ನು ಕೈಬಿಟ್ಟ ಮೇಲೆ ನಿರ್ಣಯದ ಹೊಣೆ ವಿಶ್ವವಿದ್ಯಾನಿಲಯಗಳ ಮೇಲಿದೆ. ಯಾವ ಜರ್ನಲ್ ಒಪ್ಪಿಗೆ, ಸ್ವೀಕೃತಿ ಪತ್ರ ಸಾಕೇ ಬೇಡವೇ, ಯಾವ ದಿನಾಂಕದ ಸೂಚಿ ಲೆಕ್ಕಕ್ಕೆ ಬರುತ್ತದೆ ಎಂಬ ಮೂರು ವಿಷಯಗಳನ್ನು ಪ್ರತಿ ವಿಶ್ವವಿದ್ಯಾನಿಲಯ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಪುಟದಲ್ಲಿ ಬರೆದು ಪ್ರಕಟಿಸಿದರೆ ಅರ್ಧ ಗೊಂದಲ ಕಳೆಯುತ್ತದೆ. ನಮ್ಮ ಕಾಲೇಜುಗಳ ಆಡಳಿತ ಮಂಡಳಿಗಳೂ ತಮ್ಮ ಅಧ್ಯಾಪಕರ ಪರವಾಗಿ ಇದನ್ನು ಬರಹದಲ್ಲಿ ಕೇಳಬೇಕು. ಅಲ್ಲಿಯವರೆಗೆ ಸಂಶೋಧನಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೆ: ಲೇಖನವನ್ನು ಕೊನೆಯ ವರ್ಷಕ್ಕೆ ಬಿಡದೆ ನಾಲ್ಕನೆಯ ವರ್ಷದಲ್ಲೇ ಕಳುಹಿಸಿ. ಒಮ್ಮೆ ತಿರಸ್ಕೃತವಾದರೂ ಇನ್ನೊಮ್ಮೆ ಕಳುಹಿಸಲು ಆಗ ಸಮಯವಿರುತ್ತದೆ.